ಗುಂಪುಗಳು ಬಂದವು, ಮಾತು ಬರಲಿಲ್ಲ

ಹೊಸ ಫೋನಿನಲ್ಲಿ ವಾಟ್ಸ್ಯಾಪ್ ಹಾಕಿ, ಹಳೇ ನಂಬರ್ ಕೊಟ್ಟು, ಒಟಿಪಿ ತುಂಬಿದ ಮೇಲೆ ಒಂದು ವಿಚಿತ್ರ ಕಾಣುತ್ತದೆ. ಪ್ರೊಫೈಲ್ ಚಿತ್ರ ಬರುತ್ತದೆ. ಹೆಸರು ಬರುತ್ತದೆ. ಕುಟುಂಬದ ಗುಂಪು, ಸೊಸೈಟಿಯ ಗುಂಪು, ಕಾಲೇಜಿನ ಗುಂಪು ಎಲ್ಲವೂ ಸಾಲಾಗಿ ಬಂದು ನಿಲ್ಲುತ್ತವೆ. ಒಳಗೆ ಹೋಗಿ ನೋಡಿದರೆ ಒಂದು ಸಾಲು ಮಾತೂ ಇಲ್ಲ. ಇಷ್ಟೆಲ್ಲ ಬಂದಿದೆ ಎಂದ ಮೇಲೆ ಉಳಿದದ್ದೂ ಎಲ್ಲೋ ಇರಲೇಬೇಕು, ಇವತ್ತಲ್ಲ ನಾಳೆ ಇಳಿದು ಬರುತ್ತದೆ ಎಂದು ಯಾರಿಗಾದರೂ ಅನಿಸುತ್ತದೆ. ಹಾಗಾಗಿ ಜನ ಕಾಯುತ್ತಾರೆ. ಕಾಯುವುದೇ ಇಲ್ಲಿ ದುಬಾರಿ.

ಐಟಿ ಕೆಲಸದವನು ಎಂಬ ಕಾರಣಕ್ಕೆ ವಿಕ್ರೋಳಿಯ ನಮ್ಮ ಕಟ್ಟಡದಲ್ಲಿ ಯಾರ ಫೋನು ಕೆಟ್ಟರೂ ನಮ್ಮ ಮನೆಯ ಬೆಲ್ ಬಾರಿಸುತ್ತದೆ. ಕನ್ನಂವಾರ್ ನಗರದ ಈ ಹಳೇ ಕಟ್ಟಡಗಳಲ್ಲಿ ಯಾವ ಮಹಡಿಯಲ್ಲಿ ಏನಾಯಿತು ಎಂಬುದು ಎಲ್ಲರಿಗೂ ಗೊತ್ತಾಗುತ್ತದೆ. ನಾನು ಸಂಜೆ ಆಫೀಸಿನಿಂದ ಎಷ್ಟು ಗಂಟೆಗೆ ಬರುತ್ತೇನೆ ಎಂಬುದೂ. "ಮಾತೆಲ್ಲ ಹೋಯಿತು, ವಾಪಸ್ ತರಿಸಿಕೊಡಿ" ಎಂದು ಬರುವವರಿಗೆ ನಾನು ಹೆಚ್ಚಿನ ಸಲ ಆಗುವುದಿಲ್ಲ ಎಂದೇ ಹೇಳಬೇಕಾಗುತ್ತದೆ. ಯಾಕೆ ಆಗುವುದಿಲ್ಲ ಎಂದು ಬಾಗಿಲಲ್ಲಿ ನಿಂತು ಹೇಳಲು ಸಮಯ ಸಾಲದು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ತಪ್ಪು ತಿಳಿವಳಿಕೆ ಶುರುವಾಗುವುದು 'ಅಕೌಂಟ್' ಎಂಬ ಪದದಿಂದ. ಬ್ಯಾಂಕಿನ ಅಕೌಂಟ್ ನಮಗೆ ಗೊತ್ತು. ಪಾಸ್‌ಬುಕ್ ಕಳೆದರೂ ದುಡ್ಡು ಬ್ಯಾಂಕಿನಲ್ಲಿರುತ್ತದೆ. ಗುರುತು ತೋರಿಸಿದರೆ ಸಾಕು. ಜೀಮೇಲ್ ಕೂಡ ಹಾಗೆಯೇ. ಪತ್ರಗಳು ಗೂಗಲ್‌ನ ಕಂಪ್ಯೂಟರುಗಳಲ್ಲಿರುತ್ತವೆ, ಯಾವ ಫೋನಿನಿಂದ ಒಳಹೊಕ್ಕರೂ ಕಾಣುತ್ತವೆ. ಟೆಲಿಗ್ರಾಂನ ಸಾಮಾನ್ಯ ಮಾತುಕತೆಯೂ ಹೀಗೇ. ಇಲ್ಲೆಲ್ಲ ಅಕೌಂಟ್ ಎಂದರೆ ಪೆಟ್ಟಿಗೆ. ವಾಟ್ಸ್ಯಾಪ್‌ನಲ್ಲಿ ಅಕೌಂಟ್ ಎಂದರೆ ಬರೀ ವಿಳಾಸ. ಪೆಟ್ಟಿಗೆ ನಿಮ್ಮ ಫೋನಿನೊಳಗಿದೆ.

ಊರಿನಿಂದ ಇನ್‌ಲ್ಯಾಂಡ್ ಪತ್ರ ಬರುತ್ತಿದ್ದ ದಿನಗಳನ್ನು ನೆನೆಯಿರಿ. ಅಂಚೆಯವನು ಪತ್ರ ಕೊಟ್ಟು ಹೋಗುತ್ತಿದ್ದ. ಅಂಚೆ ಕಚೇರಿಯಲ್ಲಿ ಅದರ ಪ್ರತಿ ಉಳಿಯುತ್ತಿರಲಿಲ್ಲ. ನೀವು ಮನೆ ಬದಲಿಸಿ ಹೊಸ ವಿಳಾಸ ಬರೆಸಿದರೆ ಮುಂದಿನ ಪತ್ರಗಳು ಅಲ್ಲಿಗೆ ಬರುತ್ತಿದ್ದವು. ಹಳೇ ಮನೆಯ ಟ್ರಂಕಿನಲ್ಲಿದ್ದ ಪತ್ರಗಳನ್ನು ನೀವೇ ಹೊತ್ತು ತರಬೇಕಿತ್ತು. ಇದೂ ಅದೇ ವ್ಯವಸ್ಥೆ. 2016ರ ಏಪ್ರಿಲ್‌ನಿಂದ ವಾಟ್ಸ್ಯಾಪ್ ಸಂದೇಶಗಳೆಲ್ಲ ಕಳಿಸುವವರ ಫೋನಿನಲ್ಲೇ ಗೂಢಲಿಪಿಯಾಗಿ ಹೊರಟು, ಪಡೆಯುವವರ ಫೋನಿನಲ್ಲಿ ಮಾತ್ರ ಬಿಚ್ಚಿಕೊಳ್ಳುತ್ತವೆ. ತಲುಪಿದ ಮೇಲೆ ಕಂಪನಿಯ ಸರ್ವರ್ ಅದನ್ನು ಅಳಿಸುತ್ತದೆ. ಪಡೆಯುವವರ ಫೋನು ಬಂದ್ ಆಗಿದ್ದರೆ ಬೀಗ ಹಾಕಿದ ಸ್ಥಿತಿಯಲ್ಲೇ 30 ದಿನಗಳವರೆಗೆ ಕಾದಿಟ್ಟುಕೊಂಡು, ಆಮೇಲೆ ಅದನ್ನೂ ಅಳಿಸುತ್ತದೆ. ಯಾರು ಯಾವ ಗುಂಪಿನಲ್ಲಿದ್ದಾರೆ ಎಂಬ ಪಟ್ಟಿ ಮಾತ್ರ ಸರ್ವರ್‌ಗೆ ಬೇಕು. ಅದಿಲ್ಲದೆ ಮುಂದಿನ ಸಂದೇಶವನ್ನು ಯಾರಿಗೆ ಹಂಚುವುದು? ಹೊಸ ಫೋನಿಗೆ ಗುಂಪುಗಳು ಬರುವುದು ಈ ಕಾರಣಕ್ಕೆ. ಅದು ವಿಳಾಸದ ಪುಸ್ತಕ, ಪತ್ರಗಳಲ್ಲ. ಕಂಪನಿಗೆ ಎಷ್ಟು ಮೇಲ್ ಬರೆದರೂ ಅವರು ತೆಗೆದುಕೊಡಲು ಅಲ್ಲಿ ಏನೂ ಇರುವುದಿಲ್ಲ.

ಹಾಗಾದರೆ ಕೆಲವರಿಗೆ ಎಲ್ಲವೂ ವಾಪಸ್ ಬರುತ್ತದಲ್ಲ? ಅದು ಬರುವುದು ಬ್ಯಾಕಪ್‌ನಿಂದ. ಬ್ಯಾಕಪ್ ಇರುವುದು ಮೂರನೆಯ ಕಡೆ: ಆಂಡ್ರಾಯ್ಡ್ ಫೋನಾದರೆ ನಿಮ್ಮ ಗೂಗಲ್ ಅಕೌಂಟಿನಲ್ಲಿ, ಐಫೋನಾದರೆ ಐಕ್ಲೌಡ್‌ನಲ್ಲಿ. ಅಂದರೆ ಹಳೇ ಮಾತು ಹೊಸ ಫೋನಿಗೆ ಬರಬೇಕಾದರೆ ಫೋನ್ ನಂಬರ್ ಒಂದೇ ಇರಬೇಕು, ಗೂಗಲ್ ಅಕೌಂಟೂ ಒಂದೇ ಇರಬೇಕು. ಎರಡರಲ್ಲಿ ಒಂದು ಬೇರೆಯಾದರೂ ಹೊಸ ಫೋನು ಹುಡುಕಿ, ಬ್ಯಾಕಪ್ ಇಲ್ಲ ಎನ್ನುತ್ತದೆ. ನಮ್ಮಂಥವರ ಮನೆಗಳಲ್ಲಿ ತಪ್ಪಿಹೋಗುವುದು ಹೆಚ್ಚಾಗಿ ಎರಡನೆಯದು. ನಂಬರ್ ಎಲ್ಲರಿಗೂ ಬಾಯಿಪಾಠ. ಫೋನಿನಲ್ಲಿ ಯಾವ ಗೂಗಲ್ ಅಕೌಂಟ್ ಇತ್ತು ಎಂಬುದು ಬಹಳ ಜನರಿಗೆ ಗೊತ್ತಿರುವುದಿಲ್ಲ, ಯಾಕೆಂದರೆ ಅದನ್ನು ಮಾಡಿಕೊಟ್ಟದ್ದು ಯಾವುದೋ ಅಂಗಡಿಯ ಹುಡುಗ.

ನಾನು ಹತ್ತಿರದಿಂದ ಕಂಡ ಒಂದು ಪ್ರಕರಣವನ್ನು ಪೂರ್ತಿ ಹೇಳುತ್ತೇನೆ. ಮೂರನೇ ಮಹಡಿಯ ಅಕ್ಕ ಕುಂದಾಪುರ ಕಡೆಯವರು, ಮದುವೆಯಾಗಿ ಮುಂಬಯಿಗೆ ಬಂದು ಮೂವತ್ತು ವರ್ಷವಾಗಿದೆ. ಊರಿನಲ್ಲಿದ್ದ ಅವರ ತಾಯಿಗೆ ಬರೆಯಲು ಬೇಸರ, ಹಾಗಾಗಿ ದಿನಾ ಸಂಜೆ ಒಂದು ಧ್ವನಿ ಸಂದೇಶ ಕಳಿಸುತ್ತಿದ್ದರು. ಬಾವಿಯ ನೀರು, ಗದ್ದೆ, ಯಾರ ಮನೆಯಲ್ಲಿ ಪೂಜೆ, ಇಂಥವೇ. 2024ರ ಆಗಸ್ಟ್‌ನಲ್ಲಿ ತಾಯಿ ತೀರಿಕೊಂಡರು. ಸೆಪ್ಟೆಂಬರ್‌ನಲ್ಲಿ ಮಗ ಹೊಸ ಫೋನ್ ತಂದುಕೊಟ್ಟ. ಹಳೆಯದನ್ನು ಪೂರ್ತಿ ಅಳಿಸಿ ಎಕ್ಸ್‌ಚೇಂಜ್‌ಗೆ ಕೊಟ್ಟಾಗಿತ್ತು. ಅಮ್ಮನ ಗೂಗಲ್ ಪಾಸ್‌ವರ್ಡ್ ಯಾರಿಗೂ ನೆನಪಿರಲಿಲ್ಲವಾಗಿ, ಮಗ ತನ್ನ ಅಕೌಂಟನ್ನೇ ಹೊಸ ಫೋನಿಗೆ ಹಾಕಿದ್ದ. ವಾಟ್ಸ್ಯಾಪ್ ಆ ಅಕೌಂಟಿನಲ್ಲಿ ಹುಡುಕಿತು, ಏನೂ ಸಿಗಲಿಲ್ಲ, `Skip` ಒತ್ತಿ ಮುಂದೆ ಹೋದ. ಗುಂಪುಗಳೆಲ್ಲ ಬಂದವು. ಎಲ್ಲರಿಗೂ ಸಮಾಧಾನ.

ಮೂರು ವಾರದ ಮೇಲೆ ಒಂದು ಸಂಜೆ ಅಕ್ಕ ನಮ್ಮ ಬಾಗಿಲಿಗೆ ಬಂದರು. "ಅಮ್ಮನ ಸ್ವರ ಕೇಂಬ ಅಂದ್ಕಂಡ್ ಕಂಡ್ರೆ ಎಂತದೂ ಇಲ್ಲ ಮಾರಾಯ್ರೇ. ಹೆಸ್ರೇ ಕಾಣ್ತಿಲ್ಲ."

ಇಂಥ ಹೊತ್ತಿನಲ್ಲಿ ಮೊದಲು ಮಾಡಬೇಕಾದದ್ದು ಹುಡುಕುವುದಲ್ಲ, ನಿಲ್ಲಿಸುವುದು. ವಾಟ್ಸ್ಯಾಪ್ ದಿನಾ ರಾತ್ರಿ 2 ಗಂಟೆಗೆ ಫೋನಿನೊಳಗೇ ಒಂದು ಬ್ಯಾಕಪ್ ಮಾಡುತ್ತದೆ. ಗೂಗಲ್‌ಗೆ ಕಳಿಸುವ ಆಯ್ಕೆ ಇದ್ದರೆ, ದಿನಕ್ಕೋ ವಾರಕ್ಕೋ ನೀವು ಇಟ್ಟ ಲೆಕ್ಕದಂತೆ ಅಲ್ಲಿಗೂ ಕಳಿಸುತ್ತದೆ. ಒಂದು ಗೂಗಲ್ ಅಕೌಂಟಿನಲ್ಲಿ ಒಂದು ನಂಬರಿಗೆ ಒಂದೇ ಬ್ಯಾಕಪ್. ಹೊಸದು ಹಳೆಯದರ ಮೇಲೆಯೇ ಬರೆಯಲ್ಪಡುತ್ತದೆ. ಅದರ ಹಿಂದಿನದಕ್ಕೆ ಹೋಗಲು ದಾರಿಯಿಲ್ಲ. ಹೊಸ ಫೋನಿನಲ್ಲಿ `Skip` ಒತ್ತಿ ಖಾಲಿಯಾಗಿ ಶುರು ಮಾಡಿದವರು, ಅದೇ ಗೂಗಲ್ ಅಕೌಂಟಿಗೆ ಬ್ಯಾಕಪ್ ಹೋಗಲು ಬಿಟ್ಟರೆ, ಹತ್ತು ವರ್ಷದ ಮಾತಿನ ಮೇಲೆ ಮೂರು ದಿನದ ಮಾತು ಕೂತುಬಿಡುತ್ತದೆ. "ನೋಡೋಣ, ತಾನೇ ಬರುತ್ತದೆ" ಎಂದು ಕಾದವರು ಕಳೆದುಕೊಳ್ಳುವುದು ಹೀಗೆ. ಹಾಗಾಗಿ ಮೊದಲ ಕೆಲಸ `Settings`, `Chats`, `Chat backup` ಎಂಬಲ್ಲಿಗೆ ಹೋಗಿ ಗೂಗಲ್ ಬ್ಯಾಕಪ್ ನಿಲ್ಲಿಸುವುದು.

ಅಕ್ಕನ ವಿಷಯದಲ್ಲಿ ಒಂದು ತಮಾಷೆ ನಡೆದಿತ್ತು. ಹೊಸ ಫೋನಿನ ಬ್ಯಾಕಪ್‌ಗಳು ಮಗನ ಅಕೌಂಟಿಗೆ ಹೋಗುತ್ತಿದ್ದವು. ಹಳೇ ಮಾತು ಕಾಣದಂತೆ ಮಾಡಿದ್ದು ಆ ಬೇರೆ ಅಕೌಂಟ್; ಹಳೇ ಬ್ಯಾಕಪ್ ಮೇಲೆ ಹೊಸದು ಕೂರದಂತೆ ಕಾಪಾಡಿದ್ದೂ ಅದೇ. ಅಕ್ಕನ ಹಳೇ ಅಕೌಂಟ್ ಸಿಕ್ಕರೆ ಅಲ್ಲಿ ಏನಾದರೂ ಉಳಿದಿರುವ ಸಾಧ್ಯತೆ ಇತ್ತು.

ಅಕೌಂಟ್ ಹುಡುಕುವುದಕ್ಕೆ ಒಂದು ಭಾನುವಾರ ಹಿಡಿಯಿತು. ಗೂಗಲ್‌ನ ಲಾಗಿನ್ ಪುಟದಲ್ಲಿ ಇಮೇಲ್ ಮರೆತಿದ್ದೇನೆ ಎಂಬ ದಾರಿ ಹಿಡಿದು ಅಕ್ಕನ ನಂಬರ್ ಮತ್ತು ಹೆಸರು ಕೊಟ್ಟೆವು. ಹೆಸರನ್ನು ಅಂಗಡಿಯ ಹುಡುಗ ಹೇಗೆ ಬರೆದಿದ್ದನೋ, ನಾಲ್ಕನೇ ಸಲಕ್ಕೆ ಸರಿಹೊಂದಿತು. ನಂಬರ್ ಅದೇ ಇದ್ದುದರಿಂದ ಒಟಿಪಿ ಬಂತು, ಹೊಸ ಪಾಸ್‌ವರ್ಡ್ ಇಟ್ಟೆವು. ಲ್ಯಾಪ್‌ಟಾಪಿನಲ್ಲಿ ಗೂಗಲ್ ಡ್ರೈವ್ ತೆರೆದು `Storage`, ಅದರೊಳಗೆ `Backups` ನೋಡಿದರೆ ವಾಟ್ಸ್ಯಾಪ್ ಬ್ಯಾಕಪ್ ಇತ್ತು. ಅಕ್ಕನ ಮುಖ ಅರಳಿತು. ನಾನು ಅದರ ತಾರೀಖು ನೋಡಿದೆ: 2024ರ ಮೇ 3.

ಅದು ಯಾಕೆ ಮೇ ತಿಂಗಳಲ್ಲೇ ನಿಂತಿತ್ತು ಎಂಬುದಕ್ಕೂ ಕಾರಣವಿದೆ. ಮೊದಲು ಆಂಡ್ರಾಯ್ಡ್‌ನ ವಾಟ್ಸ್ಯಾಪ್ ಬ್ಯಾಕಪ್ ಗೂಗಲ್‌ನ ಉಚಿತ 15 ಜಿಬಿಯ ಲೆಕ್ಕಕ್ಕೆ ಬರುತ್ತಿರಲಿಲ್ಲ. 2024ರ ಮೊದಲರ್ಧದಲ್ಲಿ ಅದನ್ನೂ ಹಂತಹಂತವಾಗಿ ಲೆಕ್ಕಕ್ಕೆ ಸೇರಿಸಿದರು. ಅಕ್ಕನ ಅಕೌಂಟಿನಲ್ಲಿ ಮದುವೆ, ಮುಂಜಿಯ ಫೋಟೋಗಳೇ ತುಂಬಿ ಜಾಗ ಮುಗಿದಿತ್ತು. ಜಾಗವಿಲ್ಲ ಎಂಬ ಸೂಚನೆ ಆಗಾಗ ಬಂದಿರಬೇಕು. ಇಂಗ್ಲಿಷಿನಲ್ಲಿ ಬರುವ ನೂರು ಸೂಚನೆಗಳ ನಡುವೆ ಅದನ್ನು ಅವರು ಓದಬೇಕೆಂದು ನಾವು ನಿರೀಕ್ಷಿಸುವಂತಿಲ್ಲ.

ಮೇ 3ರವರೆಗಿನದ್ದನ್ನು ತರುವುದಕ್ಕೂ ಒಂದು ಬೆಲೆ ಇತ್ತು. ವಾಟ್ಸ್ಯಾಪ್ ಬ್ಯಾಕಪ್ ತರುವ ಅವಕಾಶ ಕೊಡುವುದು ಆ್ಯಪ್ ಹೊಸದಾಗಿ ಹಾಕಿ ನಂಬರ್ ಪರಿಶೀಲಿಸುವಾಗ ಒಂದೇ ಸಲ. ಇರುವುದರ ಜೊತೆಗೆ ಹಳೆಯದನ್ನು ಬೆರೆಸುವುದಿಲ್ಲ. ಹಳೆಯದು ಬೇಕೆಂದರೆ ಹೊಸ ಫೋನಿನ ಮೂರು ವಾರದ ಮಾತು ಬಿಡಬೇಕು. ಆ ಮೂರು ವಾರದಲ್ಲಿದ್ದದ್ದು ಹೆಚ್ಚಾಗಿ ಸಾಂತ್ವನದ ಸಂದೇಶಗಳು. ಬೇಕೆನಿಸಿದ ನಾಲ್ಕೈದು ಮಾತುಕತೆಗಳನ್ನು `Export chat` ಮೂಲಕ ಕಡತವಾಗಿ ತೆಗೆದಿಟ್ಟೆವು, ಫೋನಿನೊಳಗಿನ ವಾಟ್ಸ್ಯಾಪ್ ಫೋಲ್ಡರನ್ನು ಲ್ಯಾಪ್‌ಟಾಪಿಗೆ ನಕಲು ಮಾಡಿದೆವು. ಆಮೇಲೆ ಫೋನಿಗೆ ಅಕ್ಕನ ಗೂಗಲ್ ಅಕೌಂಟ್ ಸೇರಿಸಿ, ವಾಟ್ಸ್ಯಾಪ್ ತೆಗೆದು ಮತ್ತೆ ಹಾಕಿದೆವು. ಈ ಸಲ `Restore` ಎಂಬ ಗುಂಡಿ ಕಾಣಿಸಿತು. ರಾತ್ರಿ ಊಟದ ಹೊತ್ತಿಗೆ ತಾಯಿಯ ಹೆಸರು ಪರದೆಯ ಮೇಲೆ ಬಂತು, ಮೇ 3ರ ಸಂಜೆಯ ಸಂದೇಶದವರೆಗೆ.

ಉಳಿದದ್ದು ಮೇ 3ರಿಂದ ಆಗಸ್ಟ್‌ವರೆಗಿನ ಮೂರು ತಿಂಗಳ ಚಿಲ್ಲರೆ. ತಾಯಿ ಹಾಸಿಗೆ ಹಿಡಿದಿದ್ದ ತಿಂಗಳುಗಳು. ಅಕ್ಕನಿಗೆ ನಿಜವಾಗಿ ಬೇಕಿದ್ದದ್ದು ಅದೇ.

ಅದು ಎಲ್ಲೆಲ್ಲಿ ಇದ್ದಿರಬಹುದು ಎಂದು ಒಂದೊಂದಾಗಿ ಲೆಕ್ಕ ಹಾಕಿದೆವು. ಮೊದಲನೆಯದು ಹಳೇ ಫೋನು. ಆಂಡ್ರಾಯ್ಡ್‌ನಲ್ಲಿ ಈ ಎರಡು ಜಾಗ ನೆನಪಿಟ್ಟುಕೊಳ್ಳಬೇಕು:

```
Android/media/com.whatsapp/WhatsApp/Databases
Android/media/com.whatsapp/WhatsApp/Media/WhatsApp Voice Notes
```

ಮೊದಲನೆಯದರಲ್ಲಿ ಬರೆದ ಮಾತೆಲ್ಲ ಬೀಗ ಹಾಕಿದ ಕಡತವಾಗಿ ಇರುತ್ತದೆ, ಕಳೆದ ಏಳು ದಿನದ ಪ್ರತಿಗಳ ಸಮೇತ. ಅದನ್ನು ತೆರೆಯಲು ಸಾಮಾನ್ಯವಾಗಿ ಅದೇ ನಂಬರಿನ ಪರಿಶೀಲನೆ ಬೇಕು. ಎರಡನೆಯದರಲ್ಲಿ ಧ್ವನಿ ಸಂದೇಶಗಳು ಇರುತ್ತವೆ. ಇವಕ್ಕೆ ಬೀಗವಿಲ್ಲ, `.opus` ಎಂದು ಕೊನೆಯಾಗುವ ಸಾದಾ ಆಡಿಯೋ ಕಡತಗಳು, ಹೆಸರಿನಲ್ಲೇ ತಾರೀಖು ಇರುತ್ತದೆ. ಆ್ಯಪ್ ಇಲ್ಲದೆಯೂ ಕಂಪ್ಯೂಟರಿನಲ್ಲಿ ಕೇಳಬಹುದು. ಹಳೇ ಫೋನು ಕಪಾಟಿನಲ್ಲಿ ಇದ್ದಿದ್ದರೆ, ಸಿಮ್ ಇಲ್ಲದಿದ್ದರೂ, ಒಂದು ಯುಎಸ್‌ಬಿ ಕೇಬಲ್ ಸಾಕಾಗುತ್ತಿತ್ತು.

ಆದರೆ ಫೋನನ್ನು ಪೂರ್ತಿ ಅಳಿಸಿ ಕೊಟ್ಟಾಗಿತ್ತು. ಅಳಿಸಿದ ಫೋನಿನಿಂದಲೂ ತೆಗೆದುಕೊಡುತ್ತೇವೆ ಎಂದು ಹೇಳುವವರು ಇದ್ದಾರೆ. ಅಕ್ಕನ ಮಗನಿಗೂ ಯಾರೋ ಹೇಳಿದ್ದರು. ಹಳೇ ಕಾಲದ ಮೆಮೊರಿ ಕಾರ್ಡಿನಲ್ಲಿ ಅದು ಸಾಧ್ಯವಿತ್ತು, ಯಾಕೆಂದರೆ ಅಳಿಸುವುದು ಎಂದರೆ ಅಲ್ಲಿ ಪಟ್ಟಿಯಿಂದ ಹೆಸರು ಹೊಡೆಯುವುದಷ್ಟೆ. ಈಗಿನ ಫೋನುಗಳು ಒಳಗಿನ ಎಲ್ಲ ಮಾಹಿತಿಯನ್ನೂ ಗೂಢಲಿಪಿಯಲ್ಲೇ ಬರೆದಿಡುತ್ತವೆ. ಫ್ಯಾಕ್ಟರಿ ರೀಸೆಟ್ ಮಾಡಿದಾಗ ಬೀಗದ ಕೈಯನ್ನೇ ನಾಶ ಮಾಡುತ್ತವೆ. ಆಮೇಲೆ ಚಿಪ್ ಬಿಚ್ಚಿ ಓದಿದರೂ ಸಿಗುವುದು ಅರ್ಥವಿಲ್ಲದ ಅಂಕಿಗಳ ರಾಶಿ. ಫೋನು ಕೈಯಲ್ಲಿದ್ದಿದ್ದರೂ ಫಲವಿರಲಿಲ್ಲ. ಮಗನಿಗೆ ಇಷ್ಟನ್ನೇ ಹೇಳಿ, ದುಡ್ಡು ಕೊಡಬೇಡ ಎಂದೆ.

ಇನ್ನೊಂದು ಜಾಗ ತಾಯಿಯ ಫೋನು. ಮಾತುಕತೆಗೆ ಯಾವಾಗಲೂ ಎರಡು ಪ್ರತಿ ಇರುತ್ತವೆ, ಎದುರಿನವರ ಬಳಿಯದು ಎರಡನೆಯದು. ಇದನ್ನು ಜನ ಮರೆಯುತ್ತಾರೆ. ಬಳಕೆಯಿಲ್ಲದೆ 120 ದಿನವಾದರೆ ವಾಟ್ಸ್ಯಾಪ್ ಆ ಅಕೌಂಟನ್ನು ಸಾಮಾನ್ಯವಾಗಿ ತೆಗೆದುಹಾಕುತ್ತದೆ; ಹಾಗೆ ತೆಗೆದರೂ ಫೋನಿನೊಳಗೆ ಉಳಿದದ್ದು, ಆ್ಯಪ್ ಅಳಿಸುವವರೆಗೆ ಅಲ್ಲೇ ಇರುತ್ತದೆ. ಅಕ್ಕ ತಮ್ಮನಿಗೆ ಫೋನ್ ಮಾಡಿದರು. ತಮ್ಮ, "ಅದು ಕೆಲಸದ ಹುಡುಗನಿಗೆ ಕೊಟ್ಟಾಯ್ತಲ್ಲೇ ಅಕ್ಕ. ಅವ್ನ್ ಎಲ್ಲ ತೆಗ್ದ್ ತನ್ನ ಸಿಮ್ಮ್ ಹಾಕ್ಕಂಡಿದ" ಎಂದ. ಅಕ್ಕ ಏನೂ ಹೇಳಲಿಲ್ಲ. ಫೋನ್ ಇಟ್ಟ ಮೇಲೆ, "ಪಾಪ, ಅವ್ನಿಗೆಂತ ಗೊತ್ತ್" ಎಂದಷ್ಟೇ ಅಂದರು.

ಕೊನೆಗೆ ಸಿಕ್ಕಿದ್ದು ಎರಡು. ಜುಲೈ ತಿಂಗಳಲ್ಲಿ ತಾಯಿ ಕಳಿಸಿದ್ದ ಎರಡು ಧ್ವನಿ ಸಂದೇಶಗಳನ್ನು ಅಕ್ಕ ಗೋರೆಗಾಂವಿನಲ್ಲಿರುವ ತಂಗಿಗೆ ಫಾರ್ವರ್ಡ್ ಮಾಡಿದ್ದರು. ತಂಗಿಯ ಫೋನಿನಲ್ಲಿ ಅವು ಇದ್ದವು. ಒಂದು ಐವತ್ತು ಸೆಕೆಂಡಿನದು, ಒಂದು ಎರಡು ನಿಮಿಷದ್ದು. ಮಿಕ್ಕದ್ದು ಹೋಯಿತು. ಯಾವ ಕಂಪನಿಯ ಯಾವ ಕಂಪ್ಯೂಟರಿನಲ್ಲೂ ಅದು ಇಲ್ಲ.

ಇದರಲ್ಲಿ ಯಾರನ್ನು ದೂರುವುದು ಎಂದು ಯೋಚಿಸಿದ್ದೇನೆ. ಕಂಪನಿ ಒಂದು ಪ್ರತಿ ಇಟ್ಟುಕೊಳ್ಳಬಾರದಿತ್ತೇ ಎಂದು ಅಕ್ಕನ ಮಗ ಸಿಟ್ಟಿನಲ್ಲಿ ಕೇಳಿದ. ಇಟ್ಟುಕೊಂಡಿದ್ದರೆ ನಮ್ಮ ಮಾತನ್ನು ಅವರೂ ಓದಬಹುದಿತ್ತು, ಅವರಿಂದ ಕದ್ದವರೂ ಓದಬಹುದಿತ್ತು. ನೀವು ಬಿಟ್ಟುಕೊಟ್ಟ ನಂಬರನ್ನು ಟೆಲಿಕಾಂ ಕಂಪನಿ ಕನಿಷ್ಠ 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡುತ್ತದೆ. ಆ ಹೊಸಬರು ಅದೇ ನಂಬರಿನಲ್ಲಿ ವಾಟ್ಸ್ಯಾಪ್ ಹಾಕಿದರೂ ಅವರಿಗೆ ನಿಮ್ಮ ಮಾತು ಕಾಣುವುದಿಲ್ಲ, ಯಾಕೆಂದರೆ ಅದು ನಂಬರಿಗೆ ಅಂಟಿಕೊಂಡಿಲ್ಲ. ಅವರಿಗೆ ಕಾಣದಿರಲಿ ಎಂದು ಹಾಕಿದ ಬಾಗಿಲೇ ನಮಗೂ ಮುಚ್ಚಿಕೊಳ್ಳುತ್ತದೆ. 2021ರಲ್ಲಿ ಬಂದ ಇನ್ನೊಂದು ಸೌಲಭ್ಯದಲ್ಲಿ ಬ್ಯಾಕಪ್‌ಗೂ ಪಾಸ್‌ವರ್ಡ್ ಅಥವಾ 64 ಅಂಕಿಯ ಕೀಲಿ ಹಾಕಬಹುದು. ಅದನ್ನು ಮರೆತರೆ ಗೂಗಲ್‌ಗೂ ಆಗದು, ವಾಟ್ಸ್ಯಾಪ್‌ಗೂ ಆಗದು. ಎಲ್ಲೂ ಬರೆದಿಡುವ ಅಭ್ಯಾಸವಿಲ್ಲದ ಹಿರಿಯರ ಫೋನಿನಲ್ಲಿ ಅದನ್ನು ಹಾಕುವ ಮುನ್ನ ಎರಡು ಸಲ ಯೋಚಿಸಿ.

ನಮ್ಮಂಥ ಊರು ಬಿಟ್ಟವರಿಗೆ ಇದು ಪದೇ ಪದೇ ಎದುರಾಗುತ್ತದೆ. ಕೆಲಸ ಬದಲಾದರೆ ಆಫೀಸಿನ ಅಕೌಂಟ್ ಹೋಗುತ್ತದೆ. ಅದರಲ್ಲಿದ್ದ ಬ್ಯಾಕಪ್ಪೂ ಜೊತೆಗೇ ಹೋಗುತ್ತದೆ. ಕಾಲೇಜು ಕೊಟ್ಟ ಇಮೇಲ್ ಅನ್ನು ಫೋನಿಗೆ ಹಾಕಿಕೊಂಡ ವಿದ್ಯಾರ್ಥಿಗಳಿಗೂ ಇದೇ ಮಾತು. ಆಂಡ್ರಾಯ್ಡ್ ಬಿಟ್ಟು ಐಫೋನ್ ಕೊಂಡರೆ ಗೂಗಲ್‌ನಲ್ಲಿರುವ ಬ್ಯಾಕಪ್ ಅಲ್ಲಿ ತೆರೆಯುವುದಿಲ್ಲ. ಎರಡೂ ಫೋನು ಎದುರೆದುರು ಇಟ್ಟು, ಐಫೋನನ್ನು ಮೊದಲ ಸಲ ಸಿದ್ಧಪಡಿಸುವಾಗಲೇ `Move to iOS` ಮೂಲಕ ದಾಟಿಸಬೇಕು. ಊರಿನ ನಂಬರ್ ಬಿಟ್ಟು ಮುಂಬಯಿಯ ನಂಬರ್ ತೆಗೆದುಕೊಳ್ಳುವ ಹೊಸಬರು ಈಗಲೂ ಇದ್ದಾರೆ. 2015ರ ಜುಲೈಯಿಂದ ದೇಶದ ಯಾವ ರಾಜ್ಯಕ್ಕೆ ಹೋದರೂ ಅದೇ ನಂಬರ್ ಉಳಿಸಿಕೊಳ್ಳಬಹುದು. ಬದಲಿಸಲೇಬೇಕೆಂದರೆ ಹಳೇ ಸಿಮ್ ಜೀವಂತ ಇರುವಾಗಲೇ, ಅದೇ ಫೋನಿನಲ್ಲಿ, `Settings`, `Account`, `Change number` ಎಂಬಲ್ಲಿ ಬದಲಿಸಿ. ನಂಬರನ್ನೂ ಫೋನನ್ನೂ ಒಂದೇ ದಿನ ಬದಲಿಸಬೇಡಿ. ಮೊದಲು ನಂಬರ್, ಆಮೇಲೆ ಒಂದು ಹೊಸ ಬ್ಯಾಕಪ್, ಆಮೇಲೆ ಫೋನು.

ಮುಂದಿನ ಸಲ ಊರಿಗೆ ಹೋದಾಗ ಅಪ್ಪ ಅಮ್ಮನ ಫೋನಿನಲ್ಲಿ `Chat backup` ಪುಟ ತೆರೆಯಿರಿ. ಅಲ್ಲಿ ಕೊನೆಯ ಬ್ಯಾಕಪ್‌ನ ತಾರೀಖು ಮತ್ತು ಗೂಗಲ್ ಅಕೌಂಟಿನ ಹೆಸರು ಇರುತ್ತವೆ. ತಾರೀಖು ತಿಂಗಳುಗಳಷ್ಟು ಹಿಂದಿನದಾಗಿದ್ದರೆ ಜಾಗ ತುಂಬಿದೆ ಎಂದು ತಿಳಿಯಿರಿ, ಬೇಡದ ವಿಡಿಯೋ ಅಳಿಸಿ. ಅಕೌಂಟಿನ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಅವರ ಆಧಾರ್ ಕಾರ್ಡಿನ ಜೊತೆ ಇಡಿ. ನಿಮ್ಮ ಫೋನಿನಲ್ಲಿ ಅವರ ಹೆಸರು ತೆರೆದು `Export chat` ಒತ್ತಿ. ಆಡಿಯೋ, ಫೋಟೋ ಸಮೇತ ಸುಮಾರು 10,000 ಸಂದೇಶ, ಬರೀ ಅಕ್ಷರವಾದರೆ 40,000ದವರೆಗೆ ಒಂದು ಕಡತವಾಗಿ ಹೊರಬರುತ್ತದೆ. ಆ ಕಡತವನ್ನು ಮತ್ತೆ ವಾಟ್ಸ್ಯಾಪ್‌ನೊಳಗೆ ಹಾಕಲು ಬರುವುದಿಲ್ಲ, ಆದರೆ ಓದಲು, ಕೇಳಲು ಯಾವ ನಂಬರೂ ಯಾವ ಅಕೌಂಟೂ ಬೇಡ. ಹೊಸ ಫೋನ್ ಕೊಂಡ ಮೇಲೂ ಹಳೆಯದನ್ನು ಅಳಿಸುವ ಮುನ್ನ, ಹೊಸದರಲ್ಲಿ ಒಬ್ಬರ ಹೆಸರು ತೆರೆದು ಬೆರಳಿನಿಂದ ಮೇಲಕ್ಕೆ ಸರಿಸುತ್ತಾ ಹೋಗಿ. ಹಳೇ ವರ್ಷದ ಮಾತು ಕಣ್ಣಿಗೆ ಬೀಳುವವರೆಗೆ ಎಕ್ಸ್‌ಚೇಂಜ್‌ನವನಿಗೆ ಬಾಗಿಲು ತೆರೆಯಬೇಡಿ.